ಸಹಿ ಇರುವ ಕೈಗೆ ಬೇರೆ ದರ

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಂಥ ಊರಲ್ಲಿ ಹೊಸ ಮನೆಗೆ ಸ್ಲ್ಯಾಬ್ ಹಾಕುವ ಮುಂಚೆಯೇ ವೈರಿಂಗ್‌ನವರಿಗೆ ಕೇಳುವ ಮಾತು ಒಂದೇ: “ಪಾಯಿಂಟಿಗೆ ಎಷ್ಟ್ ತಗೋತೀರಿ?” ಹೇಳಲಿಕ್ಕೆ ಬೇರೇನೂ ಇಲ್ಲದವರು ದರವನ್ನೇ ಇಳಿಸುತ್ತಾ ಹೋಗಬೇಕು. ಸ್ವಂತವಾಗಿ ದುಡಿಯುವ ಎಲೆಕ್ಟ್ರಿಷಿಯನ್‌ನ ಕೈಯಲ್ಲಿ ಪರ್ಮಿಟ್ ಇದ್ದರೆ ಮಾತಿನ ದಾರಿ ಬದಲಾಗುತ್ತದೆ.

ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸುವುದಕ್ಕೆ ಯಾವ ಕಾಗದವೂ ಬೇಡ. ಹೊಸ ವೈರಿಂಗ್‌ಗೆ ಮಾತ್ರ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಬೇಕು. 1956ರ ನಿಯಮಗಳಲ್ಲೂ ಇದು ಇತ್ತು, ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳಲ್ಲೂ ಇತ್ತು. ಐಟಿಐ ಪ್ರಮಾಣಪತ್ರ ಕಲಿತದ್ದಕ್ಕೆ ಸಾಕ್ಷಿ, ಅಷ್ಟೆ. ವೈರ್‌ಮನ್ ಪರ್ಮಿಟ್ ಕೈಕೆಲಸಕ್ಕೆ, ಸೂಪರ್‌ವೈಸರ್ ಪರ್ಮಿಟ್ ಮೇಲ್ವಿಚಾರಣೆಗೆ. ಗುತ್ತಿಗೆ ಹಿಡಿದು ವರದಿಗೆ ಸಹಿ ಹಾಕಲು ಬೇರೆಯೇ ಲೈಸೆನ್ಸ್. ಮೀಟರ್‌ಗೆ ಅರ್ಜಿ ಹಾಕುವಾಗ ಜೆಸ್ಕಾಂ ಕೇಳುವುದು ಆ ಸಹಿಯನ್ನೇ.

ಕೆಲಸವನ್ನು ಕಣ್ಣಿಂದಲೂ ನೋಡದೆ ಸಹಿ ಹಾಕಿಕೊಡುವವರೂ ಇದ್ದಾರೆ. ಹಾಗಾಗಿ ಬರೀ ಸಹಿಯಿಂದ ದರ ಹೆಚ್ಚು ಏರುವುದಿಲ್ಲ. ಏರಿಸುವುದು ಸಹಿಯ ಹಿಂದಿನ ಪರೀಕ್ಷೆ. ಮೇನ್ ಆಫ್ ಮಾಡಿ, ಬಲ್ಬು, ಫ್ಯಾನು ತೆಗೆದು, ಸ್ವಿಚ್ಚುಗಳನ್ನು ಆನ್ ಇಟ್ಟು, ವೈರಿಗೂ ಅರ್ಥಿಂಗ್‌ಗೂ ನಡುವೆ ಮೆಗ್ಗರ್‌ನಿಂದ 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಕೊಡಬೇಕು. ಮುಳ್ಳು ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಒಣಗಿದ ಹೊಸ ಮನೆಯಲ್ಲಿ ಇದಕ್ಕಿಂತ ಬಹಳ ಮೇಲೆಯೇ ಇರುತ್ತದೆ, 1ರ ಹತ್ತಿರ ನಿಂತರೂ ಅನುಮಾನ ಪಡಬೇಕು. 0.2 ಬಂದರೆ ಸರ್ಕ್ಯೂಟ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಎಲ್ಲೋ ಮೊಳೆ ತಾಗಿರುತ್ತದೆ, ಇಲ್ಲವೇ ಪೈಪಿನೊಳಗೆ ಕ್ಯೂರಿಂಗ್ ನೀರು ನಿಂತಿರುತ್ತದೆ.

ಈ ಪರೀಕ್ಷೆಯನ್ನು ಬಿಲ್ಲಿಗೆ ತರುವುದು ಹೇಗೆ? 40 ಪಾಯಿಂಟಿನ ಮನೆ ಎಂದಿಟ್ಟುಕೊಳ್ಳಿ. ಪಕ್ಕದವನು ಪಾಯಿಂಟಿಗೆ 250ರಂತೆ 10,000 ಹೇಳಿದ. ಪರೀಕ್ಷೆ ಮಾಡಿಕೊಡುವವನು 300 ಎಂದರೆ 12,000, ಮಾಲೀಕ ಎದ್ದು ಹೋಗುತ್ತಾನೆ. ಅದನ್ನೇ ವೈರಿಂಗ್ 10,000, ಮೆಗ್ಗರ್ ಮತ್ತು ಅರ್ಥಿಂಗ್ ಪರೀಕ್ಷೆ, ವರದಿ 2,000 ಎಂದು ಬಿಡಿಸಿ ಬರೆದರೆ ಹೆಚ್ಚಿನ ಹಣ ಯಾತಕ್ಕೆಂದು ಕಾಣುತ್ತದೆ. ಪ್ರತಿ ಸರ್ಕ್ಯೂಟಿನ ಅಂಕಿ ಬರೆದ ಹಾಳೆ ಮನೆಯವರ ಕೈಗೆ ಸೇರಿದರೆ, ಮುಂದಿನ ಗಿರಾಕಿಗೆ ಅದೇ ಜಾಹೀರಾತು.

ಎಲ್ಲ ಕೆಲಸದಲ್ಲೂ ಹೀಗಲ್ಲ. ಮೋಟರ್ ಸ್ಟಾರ್ಟರ್ ಕೆಟ್ಟಿದೆ ಎಂದು ಹೊಲಕ್ಕೆ ಕರೆದ ರೈತ ಪರ್ಮಿಟ್ ಕೇಳುವುದಿಲ್ಲ, ಅದರ ಹೆಸರಲ್ಲಿ ಹೆಚ್ಚು ಕೊಡುವುದೂ ಇಲ್ಲ. ಆದರೆ ಹುಮನಾಬಾದ್‌ನ ಕೈಗಾರಿಕಾ ಪ್ರದೇಶದ ಶೆಡ್ಡಿನ ಕೆಲಸಕ್ಕೆ ಲೈಸೆನ್ಸ್ ಇಲ್ಲದವನು ಕೊಟೇಶನ್ ಕೊಟ್ಟೂ ಪ್ರಯೋಜನವಿಲ್ಲ.

ಮನೆ ಕಟ್ಟಿಸುತ್ತಿರುವವರು ಮುಂಗಡ ಕೊಡುವ ಮುಂಚೆ ಪರ್ಮಿಟ್ ಕೇಳಿ ಪಡೆಯಿರಿ. ಅದರ ಫೋಟೊ ಎದುರಿಗೆ ನಿಂತವನದೇ ಹೌದೇ, ಅವಧಿ ಮುಗಿದಿದೆಯೇ ನೋಡಿ. ಮೆಗ್ಗರ್ ಹಚ್ಚುವ ದಿನ ಪಕ್ಕದಲ್ಲಿ ನಿಂತು ಮುಳ್ಳನ್ನು ನೀವೇ ಓದಿ.