‘ಬಣ್ಣ ಸ್ವಲ್ಪ ಬೇರೆ ಇರಬಹುದು’

ಆನ್‌ಲೈನಿನಲ್ಲಿ ಸೀರೆ ಮಾರುವವರು ಚಿತ್ರದ ಕೆಳಗೆ ಈಗ ಹೀಗೊಂದು ಸೂಚನೆ ಹಾಕುತ್ತಾರೆ: ‘ಮಾಡೆಲ್ ಚಿತ್ರಗಳನ್ನು ಎಐ ಬಳಸಿ ಎಡಿಟ್ ಮಾಡಲಾಗಿದೆ. ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸವಿರಬಹುದು.’ ಹೀಗೆ ಮೊದಲೇ ಹೇಳುವ ವ್ಯಾಪಾರಿಯ ಮೇಲೆ ನನಗೆ ಗೌರವವಿದೆ. ಆದರೆ ಆ ಎರಡು ವಾಕ್ಯಗಳು ಹೇಳುತ್ತಿರುವುದು ಒಂದೇ ವಿಷಯವನ್ನಲ್ಲ.

ನವಿಲು ಬಣ್ಣದ ಒಂದು ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಹಾಸಿನಲ್ಲಿ ನೀಲಿ ನೂಲು, ಹೊಕ್ಕಿನಲ್ಲಿ ಹಸಿರು ನೂಲು. ಕೈಯಲ್ಲಿ ಹಿಡಿದು ಹೊರಳಿಸಿದರೆ ಒಂದು ಮಡಿಕೆ ನೀಲಿಯಾಗಿ, ಪಕ್ಕದ್ದು ಹಸಿರಾಗಿ ಮಿನುಗುತ್ತದೆ. ಫೋಟೊ ಒಂದೇ ಕೋನದಿಂದ ತೆಗೆದದ್ದಾದ್ದರಿಂದ ಆ ಆಟ ಅಲ್ಲೇ ನಿಂತುಬಿಡುತ್ತದೆ. ಅಂಗಡಿಯಲ್ಲಿ ಹಳದಿ ಬಲ್ಬು ಉರಿಯುತ್ತಿದ್ದರೆ ನೀಲಿ ಮಂಕಾಗುತ್ತದೆ. ಇಂಥ ಗಾಢ ನೀಲಿ-ಹಸಿರನ್ನು ಎಷ್ಟೋ ಫೋನ್‌ಗಳ ಪರದೆ ಪೂರ್ತಿಯಾಗಿ ತೋರಿಸಲಾರದು. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿಗೆ ತಿರುಗಿಸಿಕೊಂಡಿದ್ದರೆ ಬಣ್ಣ ಇನ್ನಷ್ಟು ಬದಲಾಗುತ್ತದೆ. ‘ಸ್ವಲ್ಪ ವ್ಯತ್ಯಾಸ’ ಎಂಬ ಮಾತು ಇವಕ್ಕೆಲ್ಲ ಸಲ್ಲುತ್ತದೆ. ಎಐ ಬರುವ ಮೊದಲೂ ಇವು ಇದ್ದವು.

ಎಐ ಮಾಡುವ ಕೆಲಸ ಬೇರೆ. ವ್ಯಾಪಾರಿ ಮೇಜಿನ ಮೇಲೆ ಹಾಸಿದ ಸೀರೆಯ ಫೋಟೊ ಕೊಡುತ್ತಾರೆ. ಅದನ್ನು ಉಟ್ಟ ಹೆಣ್ಣುಮಗಳ ಚಿತ್ರ ಹೊರಬರುತ್ತದೆ. ನಿಜವಾಗಿ ಯಾರೂ ಆ ಸೀರೆ ಉಟ್ಟಿಲ್ಲ. ನೆರಿಗೆ, ನೆರಳು, ಹೊಳಪು ಎಲ್ಲವನ್ನೂ ಯಂತ್ರ ಊಹಿಸಿ ಹೊಸದಾಗಿ ಬರೆಯುತ್ತದೆ. ಬರೆಯುವಾಗ ಇಳಕಲ್‌ನ ಕೆಂಪು ಸೆರಗಿನ ಟೋಪ ತೆನೆಯ ಬಿಳಿ ಹಲ್ಲುಗಳು ಕರಗಿ ಹೂವಾಗಬಹುದು, ಅಂಚಿನ ಗೆರೆಗಳಲ್ಲಿ ಒಂದು ಕಾಣೆಯಾಗಬಹುದು, ಮೊರಟು ಹತ್ತಿ ರೇಷ್ಮೆಯಂತೆ ಜಾರಬಹುದು. ಇದು ಬಣ್ಣದ ವ್ಯತ್ಯಾಸವಲ್ಲ, ಸೀರೆಯೇ ಬೇರೆ ಎಂದಂತೆ.

ಪತ್ತೆ ಹಚ್ಚಲು ಚಿತ್ರವನ್ನು ದೊಡ್ಡದು ಮಾಡಿ ಅಂಚನ್ನು ಹಿಂಬಾಲಿಸಿ. ನೆರಿಗೆಯೊಳಗೆ ಹೋಗಿ ಹೊರಬಂದಾಗ ಅಂಚಿನ ಅಗಲ ಬದಲಾಗಿದ್ದರೆ, ಒಂದೇ ಸಾಲಿನ ಬುಟ್ಟಾಗಳು ಒಂದರಂತೆ ಒಂದಿಲ್ಲದಿದ್ದರೆ ಅನುಮಾನಿಸಿ. ಆಮೇಲೆ ವ್ಯಾಪಾರಿಯನ್ನೇ ಕೇಳಿ: ಹಗಲಿನಲ್ಲಿ ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ಸೀರೆಯ ಜೊತೆ ಒಂದು ಬಿಳಿ ಹಾಳೆ ಇಟ್ಟು ತೆಗೆದ ಫೋಟೊ ಬೇಕು, ಸೆರಗನ್ನು ಹೊರಳಿಸುವ ಚಿಕ್ಕ ವಿಡಿಯೊ ಬೇಕು. ಫೋಟೊದಲ್ಲಿ ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣಕ್ಕೂ ಅಷ್ಟೇ ಹಳದಿ ಸೇರಿದೆ ಎಂದು ತಿಳಿಯಬಹುದು. ಸೀರೆ ಕೈಯಲ್ಲಿರುವವರಿಗೆ ಇದು ಎರಡು ನಿಮಿಷದ ಕೆಲಸ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ನವಿಲು ಬಣ್ಣ ಒಂದು ಎಳೆ ಗಾಢವಾಗಿ ಬಂದರೆ ಸೂಚನೆಯನ್ನು ಒಪ್ಪಿಕೊಳ್ಳುವುದು ನ್ಯಾಯ. ಟೋಪ ತೆನೆಯೇ ಇಲ್ಲದ ಸೆರಗು ಬಂದರೆ ಆ ಸೂಚನೆ ತೋರಿಸಿ ನಿಮ್ಮ ಬಾಯಿ ಮುಚ್ಚಿಸಲಾಗದು. ಕ್ಯಾಟಲಾಗ್ ಚಿತ್ರ ಯಾವಾಗ ಬೇಕಾದರೂ ಬದಲಾಗಬಹುದು. ಆರ್ಡರ್ ಮಾಡುವ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.