ಪ್ರಾಜೆಕ್ಟ್ ವರದಿಯ ಜೋಡಣೆ: ಮುಖಪುಟದಿಂದ ಗ್ರಂಥಋಣದವರೆಗೆ

ಶಾಲೆಯ ಪ್ರಾಜೆಕ್ಟ್ ವರದಿಯಲ್ಲಿ ಮೂರು ಭಾಗಗಳಿರುತ್ತವೆ: ವರದಿಯ ಪರಿಚಯ ಮಾಡಿಕೊಡುವ ಪೂರ್ವಭಾಗ, ಅಧ್ಯಯನವನ್ನು ನಿರೂಪಿಸುವ ಅಧ್ಯಾಯಗಳು ಮತ್ತು ಆಧಾರಗಳನ್ನು ಒಪ್ಪಿಸುವ ಅಂತ್ಯಭಾಗ. ಕಾಸರಗೋಡು ಜಿಲ್ಲೆಯ ಗಡಿಭಾಗದಲ್ಲಿರುವ ದೇಲಂಪಾಡಿಯ ವಿದ್ಯಾರ್ಥಿನಿಯೊಬ್ಬಳು ‘ದೇಲಂಪಾಡಿಯ ಸುರಂಗಗಳು’ ಎಂಬ ವಿಷಯವನ್ನು ಆಯ್ದುಕೊಂಡಳೆಂದು ಭಾವಿಸಿದರೆ ಈ ಜೋಡಣೆಯ ತರ್ಕ ಸ್ಪಷ್ಟವಾಗುತ್ತದೆ. ಸುರಂಗವೆಂದರೆ ಮುರಕಲ್ಲಿನ ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡವಾಗಿ ಕೊರೆದ ಜಲಮೂಲ. ಅದರೊಳಗೆ ಒಸರುವ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದು ಮನೆಗೂ ಅಡಿಕೆ ತೋಟಕ್ಕೂ ಒದಗುತ್ತದೆ.

ಮುಖಪುಟದಲ್ಲಿ ವರದಿಯ ಶೀರ್ಷಿಕೆ, ವಿದ್ಯಾರ್ಥಿಯ ಹೆಸರು, ತರಗತಿ, ನೋಂದಣಿ ಸಂಖ್ಯೆ, ಮಾರ್ಗದರ್ಶಿ ಅಧ್ಯಾಪಕರ ಹೆಸರು, ಶಾಲೆ ಮತ್ತು ಶೈಕ್ಷಣಿಕ ವರ್ಷ ಇರುತ್ತವೆ. ಅದರ ಹಿಂದೆಯೇ ಬರುವ ಪ್ರಮಾಣಪತ್ರವು ವಿದ್ಯಾರ್ಥಿಯ ಮಾತಲ್ಲ, ಶಾಲೆಯ ಮಾತು. ಇಂಥ ವಿದ್ಯಾರ್ಥಿ ಇಂಥ ವರ್ಷದಲ್ಲಿ ಈ ಕೆಲಸವನ್ನು ಸ್ವತಃ ಮಾಡಿದ್ದಾಳೆ ಎಂದು ಮಾರ್ಗದರ್ಶಿಯೂ ಪ್ರಾಂಶುಪಾಲರೂ ಸಹಿ ಮತ್ತು ಮೊಹರಿನೊಂದಿಗೆ ದೃಢೀಕರಿಸುವ ಪುಟವಿದು. ಮುಖಪುಟದಲ್ಲಿ ‘ದೇಲಂಪಾಡಿಯ ಸುರಂಗಗಳು’ ಎಂದಿದ್ದು ಪ್ರಮಾಣಪತ್ರದಲ್ಲಿ ‘ದೇಲಂಪಾಡಿಯ ನೀರಿನ ಮೂಲಗಳು’ ಎಂದಿದ್ದರೆ ದೃಢೀಕರಣ ಬೇರೊಂದು ವರದಿಗೆ ಕೊಟ್ಟಂತಾಗುವುದರಿಂದ ಎರಡು ಪುಟಗಳ ಶೀರ್ಷಿಕೆಯೂ ಅಕ್ಷರಶಃ ಒಂದೇ ಆಗಿರಬೇಕು. ಕೃತಜ್ಞತೆಯ ಪುಟವಾದರೋ ವಿದ್ಯಾರ್ಥಿಯದೇ ಮಾತು. ಅಲ್ಲಿ ಯಾರು ಯಾವ ನೆರವು ನೀಡಿದರು ಎಂಬುದನ್ನು ಹೇಳಬೇಕೇ ಹೊರತು ಹೊಗಳಿಕೆಯನ್ನು ಬೆಳೆಸಬೇಕಾಗಿಲ್ಲ.

ಅನಂತರದ ಪರಿವಿಡಿ ಸ್ಥಾನದಲ್ಲಿ ಅಧ್ಯಾಯಗಳಿಗಿಂತ ಮುಂಚಿನದಾದರೂ ತಯಾರಿಯಲ್ಲಿ ಕೊನೆಯದು. ಪುಸ್ತಕಗಳ ರೂಢಿಯಂತೆ ಪ್ರಮಾಣಪತ್ರದಿಂದ ಪರಿವಿಡಿಯವರೆಗಿನ ಪುಟಗಳಿಗೆ ಸಣ್ಣ ರೋಮನ್ ಅಂಕಿಗಳನ್ನೂ ಮೊದಲ ಅಧ್ಯಾಯದಿಂದ ಮುಂದಕ್ಕೆ 1, 2, 3 ಎಂಬ ಅಂಕಿಗಳನ್ನೂ ಹಾಕಲಾಗುತ್ತದೆ. ಮುಖಪುಟದ ಮೇಲೆ ಅಂಕಿ ಇರುವುದಿಲ್ಲ. ಉದಾಹರಣೆಯ ವರದಿಯಲ್ಲಿ ಪೀಠಿಕೆ 1ನೆಯ ಪುಟದಲ್ಲಿ, ಸುರಂಗದ ಹಿನ್ನೆಲೆ 4ರಲ್ಲಿ, ಅಧ್ಯಯನ ವಿಧಾನ 8ರಲ್ಲಿ, ಮಾಹಿತಿ ವಿಶ್ಲೇಷಣೆ 11ರಲ್ಲಿ, ಉಪಸಂಹಾರ 18ರಲ್ಲಿ ಆರಂಭವಾಗುತ್ತವೆ ಎಂದಿಟ್ಟುಕೊಂಡರೆ, ಪರಿವಿಡಿ ಸಿದ್ಧವಾದ ಮೇಲೆ ವಿಧಾನದ ಅಧ್ಯಾಯಕ್ಕೆ ಒಂದು ಪುಟದ ನಕ್ಷೆಯನ್ನು ಸೇರಿಸಿದೊಡನೆ ವಿಶ್ಲೇಷಣೆ 12ಕ್ಕೂ ಉಪಸಂಹಾರ 19ಕ್ಕೂ ಜರುಗಿ ಪರಿವಿಡಿ ಸುಳ್ಳಾಗುತ್ತದೆ. ಪೂರ್ವಭಾಗಕ್ಕೆ ಪ್ರತ್ಯೇಕ ಅಂಕಿ ಕೊಡುವುದರ ಪ್ರಯೋಜನವೂ ಇಲ್ಲೇ ಇದೆ; ಪೂರ್ವಭಾಗದಲ್ಲಿ ಒಂದು ಪುಟ ಹೆಚ್ಚಾದರೂ ಅಧ್ಯಾಯಗಳ ಅಂಕಿ ಕದಲುವುದಿಲ್ಲ.

ಅಧ್ಯಾಯಗಳಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಬೆರೆಸಿಬಿಡುವುದು ವಿಧಾನ ಮತ್ತು ವಿಶ್ಲೇಷಣೆಗಳನ್ನು. ಎಷ್ಟು ಸುರಂಗಗಳನ್ನು ಯಾವ ತಿಂಗಳಲ್ಲಿ ನೋಡಲಾಯಿತು, ಉದ್ದವನ್ನು ಹೇಗೆ ಅಳೆಯಲಾಯಿತು, ಬಕೆಟ್ ತುಂಬಲು ಹಿಡಿಯುವ ಸಮಯದಿಂದ ನೀರಿನ ಪ್ರಮಾಣವನ್ನು ಹೇಗೆ ಲೆಕ್ಕಹಾಕಲಾಯಿತು ಎಂಬುದು ವಿಧಾನ. ಹಾಗೆ ದೊರೆತ ಅಂಕಿಗಳೂ ಅವುಗಳ ಅರ್ಥವೂ ವಿಶ್ಲೇಷಣೆ. ಮಳೆಗಾಲದ ಅಳತೆಗೂ ಬೇಸಿಗೆಯ ಅಳತೆಗೂ ಅಂತರವಿರುವುದರಿಂದ ವಿಧಾನದಲ್ಲಿ ತಿಂಗಳು ಬಿಟ್ಟುಹೋದರೆ ವಿಶ್ಲೇಷಣೆಯ ಅಂಕಿಗಳಿಗೆ ಬೆಲೆ ಬರುವುದಿಲ್ಲ.

ಬಳಸಿದ ಪುಸ್ತಕ ಮತ್ತು ಲೇಖನಗಳ ಪಟ್ಟಿಯಾದ ಗ್ರಂಥಋಣದಲ್ಲಿ ಲೇಖಕ, ವರ್ಷ, ಶೀರ್ಷಿಕೆ, ಸ್ಥಳ, ಪ್ರಕಾಶಕ ಎಂಬ ಒಂದೇ ಅನುಕ್ರಮವನ್ನು ಆದ್ಯಂತ ಪಾಲಿಸಬೇಕು. ಗಡಿನಾಡಿನ ವಿದ್ಯಾರ್ಥಿಗೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಭಾಷೆಗಳ ಆಕರಗಳು ಸಿಗುವುದರಿಂದ ಪ್ರತಿ ಭಾಷೆಗೂ ಉಪಶೀರ್ಷಿಕೆ ಕೊಟ್ಟು ಆಯಾ ಭಾಷೆಯ ಅಕ್ಷರಕ್ರಮದಲ್ಲಿ ಜೋಡಿಸುವುದು ಅನುಕೂಲ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, 1984ರಲ್ಲಷ್ಟೇ ಪ್ರತ್ಯೇಕ ಜಿಲ್ಲೆಯಾದುದರಿಂದ ಹಳೆಯ ಆಕರಗಳ ಶೀರ್ಷಿಕೆಯಲ್ಲಿ ಅದರ ಹೆಸರು ಕಾಣದಿರಬಹುದು. 1894ರಲ್ಲಿ ಮದರಾಸಿನಲ್ಲಿ ಅಚ್ಚಾದ ಜೆ. ಸ್ಟರಾಕ್ ಅವರ ಜಿಲ್ಲಾ ಕೈಪಿಡಿಯ ಹೆಸರು ‘ಸೌತ್ ಕೆನರಾ’. ಗ್ರಂಥಋಣದಲ್ಲಿ ಅದನ್ನು ಅಚ್ಚಾದಂತೆಯೇ ನಮೂದಿಸಬೇಕೇ ಹೊರತು ಇಂದಿನ ಜಿಲ್ಲೆಯ ಹೆಸರಿಗೆ ಬದಲಿಸಬಾರದು.

ಸುರಂಗ ಕೊರೆದ ಹಿರಿಯರು ಬಾಯಿಮಾತಿನಲ್ಲಿ ತಿಳಿಸಿದ ಸಂಗತಿಗಳೂ ಆಧಾರಗಳೇ. ಆದ್ದರಿಂದ ಕೃತಜ್ಞತೆಯಲ್ಲಿ ಅವರನ್ನು ಸ್ಮರಿಸಿದರೆ ಸಾಲದು. ಒಪ್ಪಿಗೆ ಪಡೆದು ಅವರ ಹೆಸರು, ವಯಸ್ಸು, ಊರು, ಭೇಟಿಯ ದಿನಾಂಕ, ಮಾತು ತುಳುವಿನಲ್ಲಿ ನಡೆಯಿತೋ ಮಲಯಾಳದಲ್ಲೋ ಎಂಬ ವಿವರಗಳನ್ನು ಗ್ರಂಥಋಣದ ಬಳಿಕ ‘ಮಾಹಿತಿದಾರರು’ ಎಂಬ ಪಟ್ಟಿಯಲ್ಲಿ ಕೊಡಬೇಕು. ಪ್ರಶ್ನಾವಳಿಯೂ ಅಳತೆಯ ಪೂರ್ಣ ಕೋಷ್ಟಕವೂ ಅನುಬಂಧಕ್ಕೆ ಸೇರುತ್ತವೆ.

ಬೈಂಡಿಂಗಿಗೆ ಕೊಡುವ ಮುನ್ನ ಮೂರು ಹೋಲಿಕೆಗಳನ್ನು ಮಾಡಬೇಕು: ಮುಖಪುಟದ ಶೀರ್ಷಿಕೆಯನ್ನು ಪ್ರಮಾಣಪತ್ರದೊಂದಿಗೆ, ಪರಿವಿಡಿಯ ಅಂಕಿಗಳನ್ನು ಅಧ್ಯಾಯದ ಪುಟಗಳೊಂದಿಗೆ, ಅಧ್ಯಾಯಗಳಲ್ಲಿ ಉಲ್ಲೇಖಗೊಂಡ ಪ್ರತಿ ಹೆಸರನ್ನು ಗ್ರಂಥಋಣ ಮತ್ತು ಮಾಹಿತಿದಾರರ ಪಟ್ಟಿಗಳೊಂದಿಗೆ. ಈ ಮೂರೂ ತಾಳೆಯಾದ ಮೇಲೆಯೇ ವರದಿಯನ್ನು ಸಹಿಗೆ ಒಪ್ಪಿಸುವುದು ಸರಿಯಾದ ಕ್ರಮ.