ಯಾರ ಮೇಲೆ ಯಾರು?

2024ರ ಏಪ್ರಿಲ್ 18ರಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಸಿಬ್ಬಂದಿಗೆ ಒಂದು ಉದ್ದನೆಯ ಟಿಪ್ಪಣಿ ಕಳುಹಿಸಿದರು. ವೇಗ, ಗುರಿ, ಭವಿಷ್ಯದ ಮಾತುಗಳೇ ಅದರಲ್ಲಿ ಹೆಚ್ಚು. ಇಂಥದ್ದರ ಸಾರಾಂಶ ಬರೆಯುವವರು ವಿಶೇಷಣಗಳನ್ನು ಬಿಟ್ಟು ಮೂರೇ ಪ್ರಶ್ನೆ ಕೇಳಿಕೊಳ್ಳಬೇಕು.

ಯಾವುದು ಒಂದಾಯಿತು? ಆಂಡ್ರಾಯ್ಡ್, ಕ್ರೋಮ್ ತಂಡಗಳೂ ಪಿಕ್ಸೆಲ್ ಫೋನ್ ತಯಾರಿಸುವ ತಂಡವೂ ಸೇರಿ 'ಪ್ಲಾಟ್‌ಫಾರ್ಮ್ಸ್ ಅಂಡ್ ಡಿವೈಸಸ್' ಎಂಬ ಒಂದೇ ವಿಭಾಗವಾಯಿತು.

ಯಾರು ಯಾರ ಕೈಕೆಳಗೆ? ಹೊಸ ವಿಭಾಗಕ್ಕೆ ರಿಕ್ ಆಸ್ಟರ್ಲೋ ಮುಖ್ಯಸ್ಥರು. ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಶಿ ಲಾಕ್‌ಹೈಮರ್ ಬೇರೆ ಯೋಜನೆಗಳತ್ತ ಹೊರಟರು. ಇದನ್ನು 'ಮೊದಲು' ಮತ್ತು 'ಈಗ' ಎಂಬ ಎರಡು ಕಾಲಂಗಳಲ್ಲಿ ಬರೆದರೆ ಒಂದೇ ನೋಟಕ್ಕೆ ತಿಳಿಯುತ್ತದೆ. 'ಜೊತೆಗೂಡಿ ಕೆಲಸ ಮಾಡುತ್ತಾರೆ' ಎಂಬ ಸಾಲು ಬಂದಲ್ಲಿ ಎಚ್ಚರ: ಅದು ಸಹಕಾರವಷ್ಟೇ, ಮೇಲಧಿಕಾರಿ ಬದಲಾದಂತಲ್ಲ.

ನೌಕರರು ಏನು ಮಾಡಬೇಕು? ಇಂಥ ಪ್ರಕಟಣೆಗಳು ಮುಖ್ಯಸ್ಥರ ಹೆಸರು ಹೇಳುತ್ತವೆಯೇ ಹೊರತು ನಾಲ್ಕು ಮೆಟ್ಟಿಲು ಕೆಳಗಿನ ಎಂಜಿನಿಯರ್‌ನ ರಜೆಗೆ ಇನ್ನು ಯಾರು ಸಹಿ ಹಾಕುತ್ತಾರೆ, ವರ್ಷದ ಮೌಲ್ಯಮಾಪನ ಯಾರು ಬರೆಯುತ್ತಾರೆ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಸಾರಾಂಶದಲ್ಲಿ ಆ ಜಾಗವನ್ನು ಊಹೆಯಿಂದ ತುಂಬಬಾರದು. 'ಪ್ರಕಟಣೆಯಲ್ಲಿ ಇಲ್ಲ' ಎಂದೇ ಬರೆದು, ಎಚ್‌ಆರ್‌ಗೆ ಕೇಳಬೇಕಾದ ಪ್ರಶ್ನೆಯನ್ನು ಪಕ್ಕದಲ್ಲಿಡಬೇಕು. ಕೊನೆಯ ದಿನಾಂಕವಿರುವ ಕೆಲಸವಿದ್ದರೆ ಅದು ಮೊದಲ ಸಾಲಿಗೇ ಬರಬೇಕು. ಓದುವವರು ಹುಡುಕುವುದು ಅದನ್ನೇ.